ಹೆಸರಿಲ್ಲದ ಸರ್ವೇಯಲ್ಲಿ ನಾನು ಸಿಕ್ಕಿಬಿದ್ದದ್ದು ಹೇಗೆ?

ಪುಣೆಗೆ ಬಂದ ಹೊಸದರಲ್ಲಿ ನಡೆದದ್ದು ಇದು. ಆಫೀಸಲ್ಲಿ ಒಂದು ಸರ್ವೇ ಬಂತು: "ಒಂದು ವರ್ಷದೊಳಗೆ ಕೆಲಸ ಬಿಡೋ ಯೋಚನೆ ಇದೆಯಾ?" ಹೆಸರು ಕೇಳಲ್ಲ ಅಂದ್ರು. ನಾನು ಧೈರ್ಯವಾಗಿ ಹೌದು ಅಂತ ಒತ್ತಿದೆ.

ಫಲಿತಾಂಶದಲ್ಲಿ ಎರಡು ಸಾಲು ಇತ್ತು. ಇಡೀ ಟೀಮ್, 40 ಜನ: ಹೌದು ಅಂದವರು 11. ಆರು ತಿಂಗಳಿಗಿಂತ ಹಳಬರು, 39 ಜನ: ಹೌದು ಅಂದವರು 10. ಟೀಮಲ್ಲಿ ಹೊಸಬ ನಾನೊಬ್ಬನೇ! 11ರಲ್ಲಿ 10 ಕಳೆದರೆ ಉಳಿಯೋದು ನನ್ನ ಉತ್ತರ. ಯಾರೂ ಡೇಟಾ ಕದಿಯಲಿಲ್ಲ, ಬರೀ ಕಳೆಯುವ ಲೆಕ್ಕ ಮಾಡಿದ್ರು ಅಷ್ಟೇ.

ಇದಕ್ಕೆ ಮದ್ದು ಡಿಫರೆನ್ಶಿಯಲ್ ಪ್ರೈವಸಿ. 2006ರಲ್ಲಿ ಸಿಂಥಿಯಾ ಡ್ವರ್ಕ್ ಮತ್ತು ಮೂವರು ಸಹಲೇಖಕರು ಇದಕ್ಕೆ ಗಣಿತದ ರೂಪ ಕೊಟ್ಟರು. ಪ್ರಕಟಿಸುವ ಪ್ರತಿ ಅಂಕಿಗೂ ಸ್ವಲ್ಪ ನಾಯ್ಸ್ ಸೇರಿಸಬೇಕು. ಎಷ್ಟು ಅನ್ನೋದೇ ಮುಖ್ಯ. ಮೊದಲು ಕೇಳಿಕೊಳ್ಳಬೇಕಾದ್ದು: ಒಬ್ಬ ವ್ಯಕ್ತಿ ಈ ಅಂಕಿಯನ್ನು ಹೆಚ್ಚೆಂದರೆ ಎಷ್ಟು ಬದಲಾಯಿಸಬಲ್ಲ? ತಲೆ ಎಣಿಕೆಯಲ್ಲಿ ಅದು 1. ಅದನ್ನು ಎಪ್ಸಿಲಾನ್ ಅನ್ನೋ ಸಂಖ್ಯೆಯಿಂದ ಭಾಗಿಸಿದರೆ ನಾಯ್ಸ್‌ನ ಅಳತೆ ಸಿಗುತ್ತೆ. ಎಪ್ಸಿಲಾನ್ ಚಿಕ್ಕದಾದಷ್ಟೂ ರಕ್ಷಣೆ ಜಾಸ್ತಿ.

```
import numpy
epsilon = 0.5
published = count + numpy.random.laplace(0, 1/epsilon)
```

ಇಲ್ಲಿ ಅಳತೆ 2. ಈಗ ಆ ಎರಡು ಸಾಲು ಸುಮಾರು 13 ಮತ್ತು 9 ಅಂತ ಬರಬಹುದು, ಇಲ್ಲಾ 9 ಮತ್ತು 12. ಕಳೆದರೆ 4, ಇಲ್ಲಾ ಮೈನಸ್ 3. ಅದರಿಂದ ನನ್ನ ಬಗ್ಗೆ ಏನು ಹೇಳ್ತೀರಾ? ಮ್ಯಾನೇಜರಿಗೆ ಮೊದಲು ನನ್ನ ಮೇಲೆ 50% ಅನುಮಾನ ಇದ್ದರೆ, ಈ ಅಂಕಿಗಳನ್ನು ನೋಡಿದ ಮೇಲೂ ಅದು ಸುಮಾರು 62% ದಾಟೋಕೆ ಆಗಲ್ಲ. ಉಳಿದ 39 ಜನರ ಉತ್ತರ ಅವರಿಗೆ ಗೊತ್ತಿದ್ದರೂ ಅಷ್ಟೇ.

ಇದಕ್ಕೆ ಬೆಲೆನೂ ಇದೆ. ಈ ಅಳತೆಯಲ್ಲಿ 20 ಸಲಕ್ಕೆ ಸುಮಾರು ಒಂದು ಸಲ ಅಂಕಿ 6ಕ್ಕಿಂತ ಹೆಚ್ಚು ತಪ್ಪುತ್ತೆ. 4,000 ಜನರ ಕಂಪನಿಯ ಲೆಕ್ಕದಲ್ಲಿ 6 ಲೆಕ್ಕಕ್ಕೇ ಇಲ್ಲ. 12 ಜನರ ಟೀಮಲ್ಲಿ ಅಂಕಿಯೇ ಕೆಟ್ಟುಹೋಗುತ್ತೆ. ಅಂಥ ಚಿಕ್ಕ ಟೀಮಿನ ಸಾಲನ್ನು ಪ್ರಕಟಿಸದಿರೋದೇ ವಾಸಿ.

ಸಾಮಾನ್ಯವಾಗಿ ಎಡವೋದು ಡ್ಯಾಶ್‌ಬೋರ್ಡಲ್ಲಿ. ಪ್ರತಿ ರಿಫ್ರೆಶ್‌ಗೂ ಹೊಸ ನಾಯ್ಸ್ ಹಾಕಿದರೆ, ಯಾರಾದರೂ 100 ಸಲ ರಿಫ್ರೆಶ್ ಮಾಡಿ ಸರಾಸರಿ ತೆಗೀತಾರೆ. ನಾಯ್ಸ್ ಒಂದಕ್ಕೊಂದು ವಜಾ ಆಗಿ, ಸುಮಾರು 0.3ರಷ್ಟು ವ್ಯತ್ಯಾಸದಲ್ಲಿ ನಿಜವಾದ 11 ಹೊರಬೀಳುತ್ತೆ. ಯಾಕಂದ್ರೆ ಎಪ್ಸಿಲಾನ್ ಕೂಡ್ತಾ ಹೋಗುತ್ತೆ: 0.5 ನೂರು ಸಲ ಅಂದ್ರೆ 50, ರಕ್ಷಣೆ ಇಲ್ಲದ ಹಾಗೇನೇ. ಹಾಗಾಗಿ ನಾಯ್ಸ್ ಒಂದೇ ಸಲ ಹಾಕಿ, ಬಂದ ಅಂಕಿಯನ್ನು ಉಳಿಸಿಟ್ಟು, ಎಲ್ಲರಿಗೂ ಅದನ್ನೇ ತೋರಿಸಬೇಕು.

ಅಮೆರಿಕದ 2020ರ ಜನಗಣತಿಯಲ್ಲೂ ಇದೇ ತತ್ವ ಬಳಸಿದ್ರು. ರಾಜ್ಯಗಳ ಒಟ್ಟು ಜನಸಂಖ್ಯೆಯನ್ನು ಮುಟ್ಟಲಿಲ್ಲ, ಚಿಕ್ಕ ಬ್ಲಾಕ್‌ಗಳ ಅಂಕಿಗಳಿಗೆ ನಾಯ್ಸ್ ಸೇರಿಸಿದ್ರು.

ಮುಂದಿನ ಸಲ "ಹೆಸರು ಕೇಳಲ್ಲ" ಅಂತ ಸರ್ವೇ ಬಂದ್ರೆ, ಒಂದು ಪ್ರಶ್ನೆ ಕೇಳಿ: ಫಲಿತಾಂಶವನ್ನು ಎಷ್ಟು ಚಿಕ್ಕ ಗುಂಪುಗಳಾಗಿ ಒಡೆದು ತೋರಿಸ್ತೀರಾ? ನಾನು ಕೇಳಿರಲಿಲ್ಲ.