ಎಡಿಟಿಂಗ್ ಮುಗಿದ ಮೇಲಿನ ಕೆಲಸ

ರಾತ್ರಿಯಿಡೀ ನಡೆದ ಯಕ್ಷಗಾನವೊಂದನ್ನು ಎರಡು ಕ್ಯಾಮೆರಾಗಳಲ್ಲಿ ಆರು ತಾಸು ಚಿತ್ರೀಕರಿಸಿ, ಡಾವಿಂಚಿ ರಿಸಾಲ್ವ್‌ನಲ್ಲಿ 40 ನಿಮಿಷದ ಸಾಕ್ಷ್ಯಚಿತ್ರ ಮಾಡಿದ್ದೀರಿ ಎಂದುಕೊಳ್ಳಿ. ಮೂರು ವರ್ಷದ ನಂತರ ಮೇಳದವರು ಬಂದು ಹಳೆಯ ಪ್ರಾಯೋಜಕರ ಹೆಸರು ತೆಗೆಯಬೇಕು, ಇಂಗ್ಲಿಷ್ ಉಪಶೀರ್ಷಿಕೆ ಹಾಕಬೇಕು, ಚಿತ್ರದಲ್ಲಿ ಒಂದೇ ನಿಮಿಷ ಇರುವ ಒಡ್ಡೋಲಗವನ್ನು ಪೂರ್ತಿಯಾಗಿ ಕೊಡಬೇಕು ಎನ್ನುತ್ತಾರೆ. ಇದು ಸಾಧ್ಯವೋ ಇಲ್ಲವೋ ಎಂಬುದು ಎಡಿಟಿಂಗ್ ಮುಗಿದ ವಾರದಲ್ಲಿ ನೀವು ಏನನ್ನು ಎತ್ತಿಟ್ಟಿರಿ ಎಂಬುದರ ಮೇಲೆ ನಿಂತಿದೆ.

ಮೊದಲು ಮೂಲ ಫೂಟೇಜ್. ಸೆಕೆಂಡಿಗೆ 100 ಮೆಗಾಬಿಟ್‌ನಂತೆ ದಾಖಲಿಸುವ ಕ್ಯಾಮೆರಾ ತಾಸಿಗೆ 45 ಜಿಬಿ ತುಂಬಿಸುತ್ತದೆ. ಎರಡು ಕ್ಯಾಮೆರಾಗಳ ಹನ್ನೆರಡು ತಾಸಿಗೆ 540 ಜಿಬಿ. ಧ್ವನಿಯ ಕಡತಗಳನ್ನೂ ಸೇರಿಸಿದರೆ ಸುಮಾರು 550. ಜಾಗ ಉಳಿಸಲು, ಚಿತ್ರದಲ್ಲಿ ಬಳಸಿದ ಭಾಗಗಳನ್ನಷ್ಟೇ ಕತ್ತರಿಸಿ ಇಡುವ ಸೌಲಭ್ಯ ರಿಸಾಲ್ವ್‌ನಲ್ಲಿದೆ. ಅದನ್ನು ಬಳಸಿದರೆ ಒಡ್ಡೋಲಗದ ಆ ಒಂದು ನಿಮಿಷ ಮಾತ್ರ ಉಳಿಯುತ್ತದೆ. ಮತ್ತೆಂದೂ ಸಿಗದ ಪ್ರದರ್ಶನವಾದರೆ ಪೂರ್ತಿ ಇಡಿ.

ಕಾರ್ಡಿನಲ್ಲಿದ್ದ ಫೋಲ್ಡರುಗಳನ್ನು ಇದ್ದ ಹಾಗೆಯೇ ಇಡಬೇಕು. ಒಂದೇ ಕಂಪನಿಯ ಎರಡು ಕ್ಯಾಮೆರಾಗಳಲ್ಲಿ C0001.MP4 ಎಂಬ ಒಂದೇ ಹೆಸರಿನ ಕ್ಲಿಪ್ ಇರಬಹುದು. ಎರಡನ್ನೂ ಒಂದೇ ಫೋಲ್ಡರಿಗೆ ಸುರಿದರೆ ಒಂದರ ಮೇಲೆ ಇನ್ನೊಂದು ಬಿದ್ದು ಮೊದಲನೆಯದು ಅಳಿಸಿಹೋಗಬಹುದು. ಹಾಗೆಂದು ಹೆಸರು ಬದಲಿಸಿದರೆ ಟೈಮ್‌ಲೈನಿಗೆ ಕ್ಲಿಪ್ ಸಿಗದೆ ಪರದೆಯಲ್ಲಿ Media Offline ಎಂದು ಬರುತ್ತದೆ. ಆದ್ದರಿಂದ ಪ್ರತಿ ಕಾರ್ಡಿಗೂ ಚಿತ್ರೀಕರಣದ ದಿನದಂದೇ ಬೇರೆ ಫೋಲ್ಡರ್ ಇರಲಿ.

ಎರಡನೆಯದು ಪ್ರಾಜೆಕ್ಟ್. ರಿಸಾಲ್ವ್ ಬಳಸುವ ಹೊಸಬರು ಇಲ್ಲಿಯೇ ಎಡವುತ್ತಾರೆ. ಅದರ ಪ್ರಾಜೆಕ್ಟ್ ಫೂಟೇಜ್‌ನ ಪಕ್ಕದಲ್ಲಿ ಕಡತವಾಗಿ ಕೂತಿರುವುದಿಲ್ಲ. ತಂತ್ರಾಂಶದ ಒಳಗಿನ ಡೇಟಾಬೇಸಿನಲ್ಲಿರುತ್ತದೆ. ಫೂಟೇಜ್ ಡಿಸ್ಕನ್ನು ಎಷ್ಟೇ ಜೋಪಾನ ಮಾಡಿದರೂ, ಕಂಪ್ಯೂಟರ್ ಫಾರ್ಮ್ಯಾಟ್ ಆದ ದಿನ ಎಡಿಟಿಂಗ್ ಪೂರ್ತಿ ಹೋಗುತ್ತದೆ. ಹಾಗಾಗಿ ಪ್ರಾಜೆಕ್ಟ್ ಮ್ಯಾನೇಜರಿನಲ್ಲಿ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ Export Project Archive ಆರಿಸಿ. ಪ್ರಾಜೆಕ್ಟ್ ಮತ್ತು ಅದಕ್ಕೆ ಸೇರಿಸಿದ ಮೀಡಿಯಾ ಎರಡೂ .dra ಎಂದು ಕೊನೆಗೊಳ್ಳುವ ಒಂದೇ ಫೋಲ್ಡರಿಗೆ ಬರುತ್ತವೆ. ಪ್ರಾಜೆಕ್ಟಿಗೆ ಸೇರಿಸದ ಕ್ಲಿಪ್‌ಗಳು ಅದರಲ್ಲಿ ಬರುವುದಿಲ್ಲ. ಅವನ್ನು ಕಾರ್ಡಿನ ಪ್ರತಿಯಿಂದಲೇ ಉಳಿಸಿಕೊಳ್ಳಬೇಕು.

ಅಕ್ಷರಶೈಲಿಗಳೂ ಈ ಫೋಲ್ಡರಿಗೆ ಬರುವುದಿಲ್ಲ. ಕನ್ನಡ ಶೀರ್ಷಿಕೆಗಳಿಗೆ ಇದು ದೊಡ್ಡ ತೊಂದರೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಕಲಾವಿದರ ಹೆಸರು ಬರೆದಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಫಾಂಟ್ ಕಡತಗಳನ್ನು ಪ್ರತ್ಯೇಕವಾಗಿ ಇಡಿ, ಹೆಸರುಗಳ ಪಟ್ಟಿಯನ್ನು ಯೂನಿಕೋಡಿನಲ್ಲಿ ಬರೆದಿಡಿ. ಬಳಸಿದ ತಂತ್ರಾಂಶದ ಆವೃತ್ತಿ, ಪ್ಲಗಿನ್‌ಗಳ ಹೆಸರನ್ನೂ ಅಲ್ಲಿಯೇ ನಮೂದಿಸಿ. ಹೊಸ ಆವೃತ್ತಿಯ ಪ್ರಾಜೆಕ್ಟನ್ನು ಹಳೆಯ ಆವೃತ್ತಿ ಸಾಮಾನ್ಯವಾಗಿ ತೆರೆಯುವುದಿಲ್ಲ.

ಮುಂದೊಂದು ದಿನ ಪ್ರಾಜೆಕ್ಟ್ ತೆರೆಯದೆಯೇ ಹೋಗಬಹುದು. ಅದಕ್ಕಾಗಿ ಪರದೆಯ ಮೇಲೆ ಯಾವ ಬರಹವೂ ಇಲ್ಲದ ಚಿತ್ರವನ್ನು ಪ್ರೋರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಗುಣಮಟ್ಟದಲ್ಲಿ ಒಮ್ಮೆ ಹೊರತೆಗೆದಿಡಿ. ಮಾತು, ಹಿಮ್ಮೇಳ, ಇತರ ಸದ್ದುಗಳನ್ನು ಬೇರೆ ಬೇರೆ ಟ್ರ್ಯಾಕುಗಳಾಗಿ ಜತೆಗಿಡಿ. ಪ್ರಾಯೋಜಕರ ಹೆಸರು ತೆಗೆಯಲು, ಉಪಶೀರ್ಷಿಕೆ ಹಾಕಲು ಇಷ್ಟೇ ಸಾಕು.

ಇನ್ನು ಪ್ರತಿಗಳು. ಒಟ್ಟು ಮೂರು ಇರಲಿ; ಎಲ್ಲವೂ ಒಂದೇ ಬಗೆಯ ಸಾಧನದಲ್ಲಿ ಇರಬಾರದು, ಒಂದಾದರೂ ಬೇರೆ ಊರಿನಲ್ಲಿರಬೇಕು. ಒಂದು ಹಾರ್ಡ್ ಡಿಸ್ಕ್ ನಿಮ್ಮಲ್ಲಿ, ಇನ್ನೊಂದು ಮೇಳದವರಲ್ಲಿ, ಮೂರನೆಯದು ಕ್ಲೌಡಿನಲ್ಲಿ ಇರಬಹುದು. ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ವೇಗದಲ್ಲಿ 550 ಜಿಬಿ ಕಳಿಸಲು ಎರಡೂವರೆ ದಿನ ಬೇಕು. ಎಸ್‌ಎಸ್‌ಡಿಗೆ ವರ್ಷಗಟ್ಟಲೆ ವಿದ್ಯುತ್ ಸಿಗದಿದ್ದರೆ ಅದರಲ್ಲಿನ ದತ್ತಾಂಶ ಕೆಡಬಹುದು. ಕಪಾಟಿನಲ್ಲಿಡಲು ಅದು ತಕ್ಕುದಲ್ಲ. ನಕಲು ಮಾಡುವಾಗಲೇ ಪ್ರತಿ ಕಡತದ ಚೆಕ್‌ಸಮ್ ದಾಖಲಿಸಿ, ವರ್ಷಕ್ಕೊಮ್ಮೆ ಡಿಸ್ಕ್ ಜೋಡಿಸಿ ಹೋಲಿಸಿ ನೋಡಿ. ಒಂದು ಬಿಟ್ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಕೆಟ್ಟ ಕಡತವನ್ನು ಆಗ ಇನ್ನೊಂದು ಪ್ರತಿಯಿಂದ ಸರಿಪಡಿಸಬಹುದು.

ಕೊನೆಗೆ ಪರೀಕ್ಷೆ. ಎಡಿಟ್ ಮಾಡಿದ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಉಪಯೋಗವಿಲ್ಲ. ಫಾಂಟು, ಪ್ಲಗಿನ್ ಎಲ್ಲ ಅಲ್ಲಿ ಮೊದಲೇ ಇರುವುದರಿಂದ ಕೊರತೆ ಕಾಣುವುದೇ ಇಲ್ಲ. ಸ್ನೇಹಿತರ ಕಂಪ್ಯೂಟರಿಗೆ ಡಿಸ್ಕ್ ಜೋಡಿಸಿ, Restore Project Archive ಕೊಟ್ಟು, ಟೈಮ್‌ಲೈನನ್ನು ಮೊದಲಿನಿಂದ ಕೊನೆವರೆಗೆ ಓಡಿಸಿ ನೋಡಿ. ಅಲ್ಲಿ ಚಿತ್ರ ಸರಿಯಾಗಿ ತೆರೆದುಕೊಳ್ಳುವ ತನಕ ನಿಮ್ಮ ಎಡಿಟಿಂಗ್ ಡಿಸ್ಕಿನಿಂದ ಒಂದು ಕ್ಲಿಪ್ಪನ್ನೂ ಅಳಿಸಬೇಡಿ.