ಬಡ್ಡಿ ದರ ಮೊದಲು ಏರಿದರೆ ಲಾಭವೇ, ಕೊನೆಗೆ ಏರಿದರೆ ಲಾಭವೇ?

'ದಿನದಿನವೂ ಚಕ್ರಬಡ್ಡಿ ಹಾಕಿದರೆ ಹಣ ರಾಕೆಟ್‌ನಂತೆ ಏರುತ್ತದೆ', 'ದರ ಏರುತ್ತಾ ಹೋಗುವ ಯೋಜನೆಯಲ್ಲಿ ಹಣ ಹಾಕಿ, ಇಳಿಯುವುದರಲ್ಲಿ ಬೇಡ'. ಇಂಥ ಮಾತುಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತವೆ. ಎರಡನ್ನೂ ಲೆಕ್ಕ ಹಾಕಿ ನೋಡೋಣ.

ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದಂಥ ಊರಿನಲ್ಲಿ ಕೈಸಾಲದ ಬಡ್ಡಿಯನ್ನು ವರ್ಷದ ಶೇಕಡಾ ಲೆಕ್ಕದಲ್ಲಿ ಹೇಳುವವರು ಕಡಿಮೆ. 'ನೂರಕ್ಕೆ ಎರಡು' ಎಂದರೆ ತಿಂಗಳಿಗೆ ನೂರು ರೂಪಾಯಿಗೆ ಎರಡು ರೂಪಾಯಿ, ಅಂದರೆ ವರ್ಷಕ್ಕೆ 24. ಒಂದು ಲಕ್ಷ ರೂಪಾಯಿಗೆ ಬಡ್ಡಿಯ ಮೇಲೆ ಬಡ್ಡಿ ಹಾಕದಿದ್ದರೆ ವರ್ಷದ ಕೊನೆಗೆ 1,24,000 ಆಗುತ್ತದೆ. ತಿಂಗಳಿಗೊಮ್ಮೆ ಅಸಲಿಗೆ ಸೇರಿಸಿದರೆ 1,26,824. ದಿನಕ್ಕೊಮ್ಮೆ ಸೇರಿಸಿದರೆ 1,27,115. ಇನ್ನು ಪ್ರತಿ ಕ್ಷಣವೂ ಸೇರಿಸುತ್ತಾ ಹೋದರೆ? 1,27,125. ದಿನದಿಂದ ಕ್ಷಣಕ್ಕೆ ಇಳಿದರೂ ಹೆಚ್ಚಿದ್ದು ಹತ್ತೇ ರೂಪಾಯಿ! ರಾಕೆಟ್ ಇಲ್ಲಿಗೆ ನಿಲ್ಲುತ್ತದೆ.

ಆ ಕೊನೆಯ ಅಂಕಿ ಬರುವುದು e ಎಂಬ ಸಂಖ್ಯೆಯಿಂದ (ಸುಮಾರು 2.718). ಸ್ವಿಟ್ಜರ್ಲೆಂಡಿನ ಗಣಿತಜ್ಞ ಯಾಕೋಬ್ ಬರ್ನೂಲಿ ಇದನ್ನು ಕಂಡದ್ದು 1683ರಲ್ಲಿ, ಚಕ್ರಬಡ್ಡಿಯ ಲೆಕ್ಕ ಮಾಡುತ್ತಲೇ. ಹೀಗೆ ಕ್ಷಣಕ್ಷಣವೂ ದುಡಿಯುವ ದರಕ್ಕೆ ವಿಮಾ ಗಣಿತದಲ್ಲಿ 'ಫೋರ್ಸ್ ಆಫ್ ಇಂಟರೆಸ್ಟ್' ಎನ್ನುತ್ತಾರೆ. ನಾವು 'ಬಡ್ಡಿಯ ಬಲ' ಎನ್ನೋಣ. ವಾಹನದ ಸ್ಪೀಡೋಮೀಟರ್ ಈ ಕ್ಷಣದ ವೇಗ ತೋರಿಸುವಂತೆ, ಇದು ಈ ಕ್ಷಣದಲ್ಲಿ ಹಣ ಎಷ್ಟು ಬಿರುಸಾಗಿ ಬೆಳೆಯುತ್ತಿದೆ ಎಂಬುದನ್ನು ಹೇಳುತ್ತದೆ.

ವೇಗ ಬದಲಾಗುತ್ತಿದ್ದರೂ ಒಟ್ಟು ದೂರ ಲೆಕ್ಕ ಹಾಕಬಹುದಲ್ಲವೇ? ಇಲ್ಲೂ ಹಾಗೆಯೇ. ಕಾಲವನ್ನು ಅಡ್ಡಕ್ಕೆ, ಬಡ್ಡಿಯ ಬಲವನ್ನು ಉದ್ದಕ್ಕೆ ಇಟ್ಟು ಗೆರೆ ಎಳೆಯಿರಿ. ಗೆರೆಯ ಕೆಳಗಿನ ವಿಸ್ತೀರ್ಣವನ್ನು A ಎಂದುಕೊಂಡರೆ, ಒಂದು ರೂಪಾಯಿ ಅಷ್ಟು ಕಾಲದಲ್ಲಿ e^A ರೂಪಾಯಿ ಆಗುತ್ತದೆ. ಇದೇ 'ಸಂಚಯ ಫಲನ', ಅಂದರೆ ಹಾಕಿದ ಒಂದು ರೂಪಾಯಿ ಇಂದಿಗೆ ಎಷ್ಟಾಗಿದೆ ಎಂಬ ಲೆಕ್ಕ.

ಬಡ್ಡಿಯ ಬಲ ಮೂರು ವರ್ಷದಲ್ಲಿ ಶೇ. 6ರಿಂದ 9ಕ್ಕೆ ಒಂದೇ ಸಮನೆ ಏರಿತು ಎನ್ನಿ. ಸರಾಸರಿ ಶೇ. 7.5, ಮೂರು ವರ್ಷಕ್ಕೆ ವಿಸ್ತೀರ್ಣ 0.225. ಒಂದು ಲಕ್ಷ ರೂಪಾಯಿ 1,25,232 ಆಗುತ್ತದೆ. ಈಗ ಗೆರೆಯನ್ನು ತಿರುಗಿಸಿ: ಶೇ. 9ರಿಂದ 6ಕ್ಕೆ ಇಳಿಯಲಿ. ವಿಸ್ತೀರ್ಣ ಅಷ್ಟೇ, ಹಣವೂ ಅಷ್ಟೇ. ಒಮ್ಮೆ ಇಟ್ಟು ಸುಮ್ಮನಿದ್ದ ಹಣಕ್ಕೆ ದರ ಮೊದಲು ಏರಿತೋ ಕೊನೆಗೆ ಏರಿತೋ ಎಂಬುದು ಲೆಕ್ಕಕ್ಕಿಲ್ಲ.

ನಡುವೆ ಹಣ ಸೇರಿಸಿದರೆ ಮಾತ್ರ ಕಥೆ ಬೇರೆ. ಒಂದೂವರೆ ವರ್ಷಕ್ಕೆ ಇನ್ನೊಂದು ಲಕ್ಷ ಹಾಕಿದಿರಿ ಎನ್ನಿ. ಅದಕ್ಕೆ ಸಿಗುವುದು ಉಳಿದರ್ಧದ ವಿಸ್ತೀರ್ಣ ಮಾತ್ರ. ದರ ಏರುತ್ತಿದ್ದರೆ ಅದು 1,13,173 ಆಗುತ್ತದೆ, ಇಳಿಯುತ್ತಿದ್ದರೆ 1,10,655. ವ್ಯತ್ಯಾಸ 2,518 ರೂಪಾಯಿ. ಆದ್ದರಿಂದ ಎರಡನೆಯ ಸಂದೇಶ ಕಂತು ಕಟ್ಟುವವರಿಗೆ ಸರಿ, ಒಮ್ಮೆಲೇ ಇಡುವವರಿಗೆ ತಪ್ಪು. ನಡುವೆ ಹಣ ತೆಗೆಯುವವರಿಗಂತೂ ತಿರುಗುಮುರುಗು: ಅವರಿಗೆ ಮೊದಲೇ ಹೆಚ್ಚಿದ್ದ ದರ ಒಳ್ಳೆಯದು.

ನಿಜ ಜೀವನದಲ್ಲಿ ದರ ಹೀಗೆ ನಯವಾಗಿ ಏರುವುದಿಲ್ಲ, ಮೆಟ್ಟಿಲಿನಂತೆ ಜಿಗಿಯುತ್ತದೆ. ಅಂಚೆ ಕಚೇರಿಯಲ್ಲೂ ತೆರೆಯಬಹುದಾದ ಪಿಪಿಎಫ್ ಖಾತೆಯನ್ನೇ ನೋಡಿ. 2019ರ ಏಪ್ರಿಲ್‌ನಿಂದ ಜೂನ್‌ವರೆಗೆ ಶೇ. 8, ಜುಲೈನಿಂದ 7.9, 2020ರ ಏಪ್ರಿಲ್‌ನಿಂದ 7.1. ಅಲ್ಲಿ ಬಡ್ಡಿ ಅಸಲಿಗೆ ಸೇರುವುದು ವರ್ಷಕ್ಕೊಮ್ಮೆ. ಹಾಗಾಗಿ ಮೊದಲ ವರ್ಷದ ದರ ಶೇ. 7.925 ಎಂದು ಹಿಡಿದು, ಮೊದಲೇ ಖಾತೆಯಲ್ಲಿದ್ದ ಒಂದು ಲಕ್ಷವನ್ನು 1.07925 × 1.071 × 1.071 ಎಂದು ಗುಣಿಸಿದರೆ 2022ರ ಮಾರ್ಚ್ ಕೊನೆಗೆ ಸುಮಾರು 1,23,794 ಬರುತ್ತದೆ. ಈ ಮೂರು ಸಂಖ್ಯೆಗಳನ್ನು ಯಾವ ಕ್ರಮದಲ್ಲಿ ಗುಣಿಸಿದರೂ ಉತ್ತರ ಒಂದೇ.

ಒಂದು ಎಚ್ಚರ. ಶೇ. 7.5 ಬಡ್ಡಿಯ ಬಲವೂ ವರ್ಷಕ್ಕೆ ಶೇ. 7.5 ಬಡ್ಡಿಯೂ ಒಂದೇ ಅಲ್ಲ. ಮೊದಲನೆಯದು ವರ್ಷದಲ್ಲಿ ಶೇ. 7.79 ಕೊಡುತ್ತದೆ. ಎರಡನ್ನೂ ಒಂದೆಂದು ತಿಳಿದು ಮೇಲಿನ ಮೂರು ವರ್ಷದ ಲೆಕ್ಕ ಮಾಡಿದರೆ 1,25,232ರ ಬದಲು 1,24,230 ಬಂದು ಸಾವಿರ ರೂಪಾಯಿ ತಪ್ಪುತ್ತದೆ. ಬ್ಯಾಂಕಿನ ನಿಶ್ಚಿತ ಠೇವಣಿಗೆ ಈ ಏರಿಳಿತದ ಲೆಕ್ಕ ಅನ್ವಯಿಸದು. ರಿಸರ್ವ್ ಬ್ಯಾಂಕ್ ರೆಪೊ ದರವನ್ನು 2022ರ ಮೇ 4ರಂದು ಶೇ. 4ರಿಂದ 4.4ಕ್ಕೆ ಏರಿಸಿ, 2023ರ ಫೆಬ್ರವರಿ ಹೊತ್ತಿಗೆ 6.5ಕ್ಕೆ ತಂದಿತು. ಆದರೂ ಅದಕ್ಕೆ ಮೊದಲು ಸ್ಥಿರ ದರದಲ್ಲಿ ಇಟ್ಟ ಠೇವಣಿಗೆ ಅವಧಿ ಮುಗಿಯುವವರೆಗೂ ಹಳೆಯ ದರವೇ.