ಲಂಡನ್‌ನಲ್ಲಿ ಏರದ ಚಿನ್ನ ಚಿಕ್ಕಪೇಟೆಯಲ್ಲಿ ಏರಿದ್ದು ಹೇಗೆ?

ಚಿನ್ನದ ರೇಟು ಏರಿದಾಗೆಲ್ಲ ಅಧಿಕಾರದಲ್ಲಿರೋರ ಹತ್ತಿರ ಒಂದು ರೆಡಿಮೇಡ್ ಉತ್ತರ ಇರುತ್ತೆ: ಅದು ಅಂತಾರಾಷ್ಟ್ರೀಯ ಮಾರುಕಟ್ಟೆ, ನಮ್ಮ ಕೈಲಿಲ್ಲ. ಕೆಲವೊಮ್ಮೆ ಅದು ನಿಜವೇ. ಆದರೆ 2013ರಲ್ಲಿ ನಿಜ ಆಗಿರಲಿಲ್ಲ.

ಆ ವರ್ಷ ಮೇ ಎರಡನೇ ವಾರದಲ್ಲಿ ಜಗತ್ತಿನಲ್ಲಿ ಒಂದು ಔನ್ಸ್ ಚಿನ್ನಕ್ಕೆ ಹೆಚ್ಚುಕಮ್ಮಿ 1,420 ಡಾಲರ್ ಇತ್ತು. ನಡುವೆ ಕುಸಿದು, ಆಗಸ್ಟ್ ಕೊನೆಗೆ ಮತ್ತೆ ಅಲ್ಲಿಗೇ ಬಂತು. ಡಾಲರ್ ಮಾತ್ರ ಸುಮಾರು 55 ರೂಪಾಯಿಯಿಂದ 68.80ಕ್ಕೆ ಹೋಗಿತ್ತು. ಎಂಜಿನಿಯರಿಂಗ್ ಓದಿದವನ ಚಾಳಿ, ಲೆಕ್ಕ ಹಾಕದೆ ಬಿಡಲಾರೆ.

ಒಂದು ಔನ್ಸ್ ಅಂದರೆ 31.1 ಗ್ರಾಂ. ಹಾಗಾಗಿ 10 ಗ್ರಾಂ ಅಪ್ಪಟ ಚಿನ್ನಕ್ಕೆ ಸುಮಾರು 456 ಡಾಲರ್. ಮೇನಲ್ಲಿ ಇದು ಸುಮಾರು 25,100 ರೂಪಾಯಿ, ಆಗಿದ್ದ ಶೇ 6ರ ಆಮದು ಸುಂಕ ಸೇರಿದರೆ 26,600. ಅದೇ 456 ಡಾಲರ್ ಆಗಸ್ಟ್ 28ರ ವಿನಿಮಯ ದರದಲ್ಲಿ 31,400. ಅಷ್ಟರಲ್ಲಿ ಸುಂಕ ಶೇ 10 ಆಗಿತ್ತು, ಹಾಗಾಗಿ 34,500. ಆ ದಿನಗಳಲ್ಲಿ ನಮ್ಮ ಮಾರುಕಟ್ಟೆಯಲ್ಲಿ ದಾಖಲೆ ಅಂತ ಸುದ್ದಿಯಾದ ದರವೂ ಇದರ ಆಸುಪಾಸಿನಲ್ಲೇ ಇತ್ತು.

ಏರಿದ್ದು 7,900. ಸುಂಕ ಶೇ 6ರಲ್ಲೇ ನಿಂತಿದ್ದರೆ ಬೆಲೆ 33,300 ಆಗ್ತಿತ್ತು. ಅಂದರೆ 6,700 ರೂಪಾಯಿ ಏರಿಕೆಗೆ ಕುಸಿದ ರೂಪಾಯಿಯೊಂದೇ ಕಾರಣ, ಉಳಿದದ್ದು ಸುಂಕ. ಗಮನಿಸಿ, ಸುಂಕ ಹಾಕೋದು ರೂಪಾಯಿಗೆ ಪರಿವರ್ತಿಸಿದ ಮೌಲ್ಯದ ಮೇಲೆ. ರೂಪಾಯಿ ಬಿದ್ದರೆ ಸುಂಕದ ಪ್ರಮಾಣ ಬದಲಾಗದಿದ್ದರೂ ಖಜಾನೆಗೆ ಹೋಗುವ ಹಣ ಹೆಚ್ಚುತ್ತೆ. ಈ ಭಾಗ ಯಾರ ಭಾಷಣದಲ್ಲೂ ಕೇಳಿಸಲ್ಲ!

ಹಾಗಾದ್ರೆ ನಮ್ಮದೇ ಹಟ್ಟಿ ಗಣಿಯ ಚಿನ್ನ? ಅಲ್ಲಿನ ಕಾರ್ಮಿಕರ ಸಂಬಳ ರೂಪಾಯಿಯಲ್ಲೇ ಇದೆ, ಆದರೂ ಆ ಚಿನ್ನವೂ ಅಗ್ಗ ಆಗಲ್ಲ. ದೇಶದ ಬೇಡಿಕೆಯ ಬಹುಪಾಲು ಆಮದಿನಿಂದಲೇ ತುಂಬೋದು, ಹಟ್ಟಿಯ ಪಾಲು ತೀರಾ ಚಿಕ್ಕದು. ಕೊಳ್ಳುವವರು ಆಮದು ಚಿನ್ನಕ್ಕೆ 34,500 ಕೊಡಲು ತಯಾರಿರುವಾಗ ಇದನ್ನು 26,000ಕ್ಕೆ ಯಾರು ಮಾರ್ತಾರೆ? ಅಜ್ಜಿಯ ಹಳೇ ಬಳೆಗೂ ಇದೇ ನ್ಯಾಯ. ಅಂಗಡಿಯವರು ಕೊಳ್ಳೋದು ಆ ದಿನದ ದರಕ್ಕೆ.

ಮುಂದಿನ ಸಲ ಯಾರಾದರೂ 'ಜಾಗತಿಕ ಬೆಲೆ' ಅಂದರೆ ಎರಡು ದಿನಾಂಕ ಹಿಡಿದು ಡಾಲರ್ ಬೆಲೆ, ವಿನಿಮಯ ದರ ಎರಡನ್ನೂ ನೋಡಿ. ಈಗಾದರೆ ಕೊನೆಗೆ ಶೇ 3 ಜಿಎಸ್‌ಟಿಯೂ ಸೇರುತ್ತೆ. ಇಷ್ಟೆಲ್ಲ ಸೇರಿಸಿದ ಮೇಲೂ ಗಟ್ಟಿ ಚಿನ್ನದ ದರ ನಿಮ್ಮ ಲೆಕ್ಕಕ್ಕಿಂತ ಎಷ್ಟೋ ಮೇಲಿದ್ದರೆ, ಬಹುಶಃ ಸರಕು ಸಾಲದೆ ವ್ಯಾಪಾರಿಗಳು ಪ್ರೀಮಿಯಂ ಕೇಳ್ತಿದ್ದಾರೆ. 2013ರಲ್ಲಿ ಅದೂ ಆಯ್ತು: ಆಮದಿನ ಐದನೇ ಒಂದು ಭಾಗ ರಫ್ತಿಗೇ ಹೋಗಬೇಕು ಅಂತ ನಿಯಮ ಬಂದು, ವರ್ಷದ ಕೊನೆಗೆ ಚಿನ್ನ ಸಿಗೋದೇ ಕಷ್ಟ ಆಗಿತ್ತು.